ದೀಕ್ಷಾರ್ಥಿಗಳಿಗೆ ಒಪ್ಪಿಸಿದ ಪ್ರಾರ್ಥನೆ: ಹಿಪ್ಪೋದಲ್ಲಿ ಸಂತ ಅಗಸ್ಟೀನರ ಬೋಧನೆ

ಆದಿ ಧರ್ಮಸಭೆಯಲ್ಲಿ ಪ್ರಭು ಕಲಿಸಿದ ಪ್ರಾರ್ಥನೆಯು ಎಲ್ಲರ ಬಾಯಲ್ಲಿದ್ದ ಪ್ರಾರ್ಥನೆಯಾಗಿರಲಿಲ್ಲ. ಉತ್ತರ ಆಫ್ರಿಕದ ಹಿಪ್ಪೋ ನಗರದಲ್ಲಿ, ಪಾಸ್ಖಹಬ್ಬದಂದು ದೀಕ್ಷಾಸ್ನಾನ ಪಡೆಯಲಿದ್ದವರಿಗೆ ಮೊದಲು ವಿಶ್ವಾಸ ಪ್ರಮಾಣವನ್ನು ಒಪ್ಪಿಸುತ್ತಿದ್ದರು. ಅದನ್ನು ಅವರು ಕಂಠಪಾಠವಾಗಿ ಹೇಳಿದ ಬಳಿಕವೇ ಈ ಪ್ರಾರ್ಥನೆ ದೊರೆಯುತ್ತಿತ್ತು. ನಂಬದವನನ್ನು ಕರೆಯುವುದು ಹೇಗೆ ಎಂಬ ಸಂತ ಪೌಲರ ಪ್ರಶ್ನೆಯಿಂದಲೇ ಧರ್ಮಾಧ್ಯಕ್ಷ ಅಗಸ್ಟೀನರು ಈ ಕ್ರಮವನ್ನು ಸಮರ್ಥಿಸುತ್ತಾರೆ. ಆ ಸಂದರ್ಭದ ಅವರ ನಾಲ್ಕು ಪ್ರಬೋಧನೆಗಳು (56ರಿಂದ 59) ನಮಗೆ ಉಳಿದುಬಂದಿವೆ.

'ನಮ್ಮ ತಂದೆಯೇ' ಎನ್ನುವಲ್ಲಿ ಅವರು 'ನಮ್ಮ' ಎಂಬುದನ್ನು ಹಿಡಿದು ನಿಲ್ಲುತ್ತಾರೆ. ಒಡೆಯನೂ ಗುಲಾಮನೂ, ಚಕ್ರವರ್ತಿಯೂ ಸೈನಿಕನೂ ಇದೇ ಮಾತನ್ನು ಆಡಬೇಕಾದುದರಿಂದ ಅವರು ಸೋದರರೇ ಆಗುತ್ತಾರೆ. ಗುಲಾಮಗಿರಿ ಸಹಜವೆನಿಸಿದ್ದ ಸಮಾಜದಲ್ಲಿ ಇದು ಹಗುರವಾದ ಮಾತಲ್ಲ. ದೇವರ ನಾಮ ಎಂದೆಂದೂ ಪವಿತ್ರವೇ. ಅದು ನಮ್ಮಲ್ಲಿ ಪವಿತ್ರವಾಗಲೆಂದು ಕೋರುತ್ತೇವೆ. ರಾಜ್ಯವು ನಾವು ಕೇಳದಿದ್ದರೂ ಬರುತ್ತದೆ. ಅದರಲ್ಲಿ ನಮಗೆ ಪಾಲಿರಲೆಂಬುದೇ ಬೇಡಿಕೆ. ಅನುದಿನದ ಆಹಾರವೆಂದರೆ ಹೊಟ್ಟೆಯ ಅನ್ನವೂ ಹೌದು, ಬಲಿಪೀಠದ ಪರಮ ಪ್ರಸಾದವೂ ಹೌದು, ದೇವರ ವಾಕ್ಯವೂ ಹೌದು.

ಅವರ ಬೋಧನೆಯ ಭಾರವೆಲ್ಲ ಬೀಳುವುದು ಕ್ಷಮೆಯ ಕೋರಿಕೆಯ ಮೇಲೆ. ಹೊಸ ವಿಶ್ವಾಸಿಗೆ ಇಲ್ಲಿ ಸಹಜವಾಗಿಯೇ ಸಂದೇಹ ಹುಟ್ಟುತ್ತದೆ: ದೀಕ್ಷಾಸ್ನಾನದಲ್ಲಿ ಪಾಪಗಳೆಲ್ಲ ತೊಳೆದುಹೋಗುವುದಾದರೆ ದಿನವೂ ಕ್ಷಮೆ ಬೇಡುವುದೇಕೆ? ಅಗಸ್ಟೀನರು ಹಡಗಿನ ಉಪಮೆ ಕೊಡುತ್ತಾರೆ. ಸಣ್ಣ ಬಿರುಕುಗಳಿಂದ ಜಿನುಗುವ ನೀರನ್ನು ಹೊರಹಾಕದಿದ್ದರೆ ಹಡಗು ಮುಳುಗುತ್ತದೆ; ದಿನದಿನದ ಸಣ್ಣ ತಪ್ಪುಗಳೂ ಹಾಗೆಯೇ. ಒಮ್ಮೆ ಪಡೆದ ಸ್ನಾನವನ್ನು ಮತ್ತೆ ಪಡೆಯಲಾಗದು. ನಿತ್ಯದ ಶುದ್ಧಿಗೆ ಈ ಪ್ರಾರ್ಥನೆಯಿದೆ.

ಆದರೆ ಈ ಒಂದು ಕೋರಿಕೆಗೆ ಷರತ್ತಿದೆ. ಇದು ದೇವರೊಂದಿಗೆ ನಾವು ಮಾಡಿಕೊಳ್ಳುವ ಕರಾರು. ನಾವು ಕ್ಷಮಿಸದಿದ್ದರೆ ನಮ್ಮ ಬಾಯಿಯೇ ನಮ್ಮ ವಿರುದ್ಧ ಸಾಕ್ಷಿ ನುಡಿಯುತ್ತದೆ. ಇದರ ತೂಕವನ್ನು ಅರಿತವರು ನುಣುಚಿಕೊಳ್ಳಲು ಯತ್ನಿಸಿದ್ದೂ ಉಂಟು. ಸಭೆಯೆಲ್ಲ ಪ್ರಾರ್ಥಿಸುವಾಗ ಕೆಲವರು ಈ ವಾಕ್ಯ ಬಂದೊಡನೆ ಮೌನವಾಗುತ್ತಾರೆಂದು ಐದನೆಯ ಶತಮಾನದ ಆರಂಭದಲ್ಲಿ ಯೋವಾನ್ನ ಕಾಸ್ಸಿಯಾನರು ಬರೆದಿದ್ದಾರೆ. ವಾಕ್ಯವನ್ನು ಬಿಟ್ಟವನು ಕರಾರಿನಿಂದ ಪಾರಾಗುವುದಿಲ್ಲ, ಕ್ಷಮೆಯನ್ನು ಬೇಡುವುದನ್ನೇ ಬಿಟ್ಟಂತಾಗುತ್ತದೆ. ವೈರಿಯನ್ನು ಕ್ಷಮಿಸುವುದು ಮನುಷ್ಯಸಾಧ್ಯವೇ ಎನ್ನುವವರಿಗೆ ಅಗಸ್ಟೀನರು ಕ್ರಿಸ್ತರನ್ನಷ್ಟೇ ಅಲ್ಲ, ನಮ್ಮಂತೆಯೇ ಮನುಷ್ಯರಾಗಿದ್ದ ಸಂತ ಸ್ತೇಫನರನ್ನೂ ತೋರಿಸುತ್ತಾರೆ. ನಮ್ಮ ಇಂದಿನ ಧರ್ಮೋಪದೇಶದ ತರಗತಿಗಳಲ್ಲಿ ಈ ಕೋರಿಕೆಯನ್ನು ಒಂದೆರಡು ಮಾತಿನಲ್ಲಿ ಮುಗಿಸಿಬಿಡುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಶೋಧನೆ ಮತ್ತು ಕೇಡಿನ ಕುರಿತಾದ ಕೊನೆಯ ಕೋರಿಕೆಗಳನ್ನು ಅವರು ಬೇಗನೆ ದಾಟುತ್ತಾರೆ. ಎಂಟು ದಿನಗಳ ಬಳಿಕ ದೀಕ್ಷಾರ್ಥಿಗಳು ಪ್ರಾರ್ಥನೆಯನ್ನು ಕಂಠಪಾಠವಾಗಿ ಒಪ್ಪಿಸಬೇಕಿತ್ತು. ಪೂರ್ತಿ ನೆನಪಿಲ್ಲದವರು ಅಂಜಬೇಕಿಲ್ಲವೆಂದು ಅಗಸ್ಟೀನರು ಹೇಳುತ್ತಾರೆ: ದೀಕ್ಷೆಯ ನಂತರ ಅವರು ಅದನ್ನು ಬಲಿಪೀಠದ ಬಳಿ ಪ್ರತಿದಿನವೂ ಕೇಳಲಿದ್ದರು.