ಸ್ಟೈಲ್‌ಗ್ಯಾನ್ ವಿಲೋಮನ
ನೈಜ ಮುಖಚಿತ್ರವೊಂದನ್ನು ಮರಳಿ ಮೂಡಿಸಬಲ್ಲ ಸಂಖ್ಯೆಗಳನ್ನು ಸ್ಟೈಲ್‌ಗ್ಯಾನ್ ಎಂಬ ಚಿತ್ರ ರಚಿಸುವ ನರಜಾಲದ ಸುಪ್ತ ವಲಯದಲ್ಲಿ, ಅಂದರೆ ಜಾಲದ ಒಳಸಂಕೇತಗಳ ನಡುವೆ, ಹಿಮ್ಮುಖವಾಗಿ ಹುಡುಕುವ ವಿಧಾನ. 1024×1024 ಬಿಂದುಗಳ ಚಿತ್ರಕ್ಕೆ 18 ಸ್ತರಗಳಿದ್ದು, ಪ್ರತಿಯೊಂದಕ್ಕೂ 512 ಸಂಖ್ಯೆಗಳ ಸಂಕೇತವಿರುತ್ತದೆ; ಸರಾಸರಿ ಮುಖದಿಂದ ಹೊರಟು, ಮೂಡಿದ ಚಿತ್ರಕ್ಕೂ ಮೂಲಕ್ಕೂ ಇರುವ ವ್ಯತ್ಯಾಸ ತಗ್ಗುವವರೆಗೆ ಇವನ್ನು ಹಂತಹಂತವಾಗಿ ತಿದ್ದಲಾಗುತ್ತದೆ. ಹೀಗೆ ಇಬ್ಬರ ಸಂಕೇತಗಳು ದೊರೆತ ಮೇಲೆ, ಒಂದರಿಂದ ಇನ್ನೊಂದರತ್ತ ಸರಿದಂತೆ ಮುಖದ ಗುರುತೂ ಬದಲಾಗುತ್ತದೆ. ಆರಂಭದ ಸ್ತರಗಳು ಭಂಗಿಯನ್ನೂ ಮುಖದ ಆಕಾರವನ್ನೂ, ಕೊನೆಯವು ಬಣ್ಣವನ್ನೂ ಹೆಚ್ಚಾಗಿ ನಿಯಂತ್ರಿಸುವುದರಿಂದ, ಕೊನೆಯವನ್ನಷ್ಟೇ ಬದಲಿಸಿದರೆ ಮೈಬಣ್ಣ ಮಾರ್ಪಟ್ಟರೂ ಮುಖ ಬಹುಮಟ್ಟಿಗೆ ಅದೇ ವ್ಯಕ್ತಿಯದಾಗಿ ಉಳಿಯುತ್ತದೆ. ಸ್ತರಗಳನ್ನು ಬೇರೆಬೇರೆಯಾಗಿ ತಿದ್ದಿದರೆ ಮರುರಚನೆ ನಿಖರವಾಗುತ್ತದೆ. ಆದರೆ ಸಂಕೇತವು ಜಾಲಕ್ಕೆ ಪರಿಚಿತವಾದ ವಲಯದಿಂದ ದೂರವಾದಾಗ, ಬದಲಾವಣೆಯ ನಡುವೆ ಕನ್ನಡಕದ ಅಂಚು ಕೆನ್ನೆಯೊಳಗೆ ಕರಗಿಹೋಗುವಂತಹ ವಿರೂಪಗಳು ಕಾಣಿಸುತ್ತವೆ. ಆದ್ದರಿಂದ ಮೂಲದೊಂದಿಗಿನ ಹೋಲಿಕೆಯೊಂದರಿಂದಲೇ ವಿಲೋಮನದ ಗುಣಮಟ್ಟವನ್ನು ಅಳೆಯಲಾಗದು.