ಫ್ರಾನ್ಸ್‌ನಲ್ಲಿ ಅಂಗಸಂಸ್ಥೆ: ಅನುವಾದದಲ್ಲಿ ಎಡವುವುದೆಲ್ಲಿ?

ಬೆಂಗಳೂರಿನ ಕಂಪನಿಯೊಂದು ಪ್ಯಾರಿಸ್‌ನಲ್ಲಿ ಅಂಗಸಂಸ್ಥೆ ನೋಂದಾಯಿಸಲು ಹೊರಟಿದೆ ಎನ್ನಿ. ಅದರ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್ ಹಾಗೂ ನಿರ್ದೇಶಕ ಮಂಡಳಿಯ ನಿರ್ಣಯ ಇಂಗ್ಲಿಷಿನಲ್ಲಿರುತ್ತವೆ. ನೋಂದಣಿಗೆ ಫ್ರೆಂಚ್ ಅನುವಾದ ಬೇಕು.

ಅನುವಾದಕ್ಕೆ ಮುನ್ನ ದೃಢೀಕರಣ ಮುಗಿದಿರಬೇಕು. ನೋಟರಿ ಮತ್ತು ವಾಣಿಜ್ಯ ಮಂಡಳಿಯ ಮುದ್ರೆಗಳ ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಪಡೆಯಬೇಕು. ಭಾರತದಲ್ಲಿ ಈ ಪದ್ಧತಿ 2005ರಿಂದ ಜಾರಿಯಲ್ಲಿದೆ. ಅನಂತರವೇ ಫ್ರೆಂಚ್ ನ್ಯಾಯಾಲಯದ ಪಟ್ಟಿಯಲ್ಲಿರುವ ಪ್ರಮಾಣಿತ ಅನುವಾದಕರಿಗೆ ಒಪ್ಪಿಸುವುದು ಕ್ಷೇಮ. ಮೊದಲೇ ಅನುವಾದಿಸಿದರೆ ಮುದ್ರೆಗಳ ಒಕ್ಕಣೆ ಹೊರಗುಳಿದು ಕೆಲಸ ಮರುಕಳಿಸೀತು.

ಇನ್ನೊಂದು ತೊಡಕು ಪದದ್ದು. 'ಡೈರೆಕ್ಟರ್' ಎಂಬುದಕ್ಕೆ ಫ್ರೆಂಚ್‌ನ 'ದಿರೆಕ್ತರ್' ಬಳಸಿದರೆ ಸಂಬಳದ ವ್ಯವಸ್ಥಾಪಕನೆಂಬ ಅರ್ಥ ಬರಬಹುದು. ಮಂಡಳಿಯ ಸದಸ್ಯ 'ಅದ್‌ಮಿನಿಸ್ತ್ರಾತರ್'. ಈ ಪದ ತಪ್ಪಿದರೆ, ಸಹಿ ಹಾಕಿದವರಿಗೆ ಅಧಿಕಾರವಿತ್ತೇ ಎಂಬ ಪ್ರಶ್ನೆ ಏಳುತ್ತದೆ.