ತಡವಾದ ನಿದ್ರಾ ಹಂತ: ಯುವಜನರಲ್ಲಿ ಕಂಡುಬರುವ ತೊಂದರೆ ಹಾಗೂ ಬೆಳಗಿನ ಬೆಳಕಿನ ಕ್ರಮ

ರಾತ್ರಿ ಎರಡು ಮೂರು ಗಂಟೆಯವರೆಗೆ ಎಷ್ಟು ಪ್ರಯತ್ನಿಸಿದರೂ ನಿದ್ರೆ ಬಾರದಿರುವುದು ಮತ್ತು ಬೆಳಿಗ್ಗೆ ಕಾಲೇಜಿಗೆ ಅಥವಾ ಕೆಲಸಕ್ಕೆ ಏಳಲಾಗದಿರುವುದು ಹದಿನಾರರಿಂದ ಇಪ್ಪತ್ತೈದು ವರ್ಷದೊಳಗಿನ ಅನೇಕರಲ್ಲಿ ಕಂಡುಬರುತ್ತದೆ. ಮನೆಯವರು ಇದನ್ನು ಸೋಮಾರಿತನವೆಂದೂ ಯುವಕ ಯುವತಿಯರು ನಿದ್ರಾಹೀನತೆಯೆಂದೂ ಭಾವಿಸುವುದು ಸಾಮಾನ್ಯ. ರಜಾ ದಿನಗಳಲ್ಲಿ ತನ್ನಿಷ್ಟದ ವೇಳೆಗೆ ಮಲಗಲು ಬಿಟ್ಟರೆ ಅದೇ ವ್ಯಕ್ತಿಯು ಏಳೆಂಟು ಗಂಟೆಗಳ ಗಾಢ ನಿದ್ರೆ ಮಾಡಿ ಲವಲವಿಕೆಯಿಂದ ಏಳುವುದಾದರೆ, ಇಲ್ಲಿ ನಿದ್ರೆಯ ಪ್ರಮಾಣಕ್ಕೆ ಕೊರತೆಯಿಲ್ಲ, ನಿದ್ರೆಯ ವೇಳೆ ಮಾತ್ರ ಮುಂದಕ್ಕೆ ಸರಿದಿದೆ ಎಂದು ತಿಳಿಯಬೇಕು. ಇಂತಹ ಸ್ಥಿತಿಯು ಮೂರು ತಿಂಗಳಿಗೂ ಹೆಚ್ಚು ಕಾಲ ಮುಂದುವರಿದು ಓದು ಅಥವಾ ಉದ್ಯೋಗಕ್ಕೆ ಅಡ್ಡಿಯಾದಲ್ಲಿ ವೈದ್ಯರು ಅದನ್ನು ತಡವಾದ ನಿದ್ರಾ ಹಂತದ ತೊಂದರೆ ಎಂದು ಗುರುತಿಸುತ್ತಾರೆ.

ಈ ತೊಂದರೆಯನ್ನು ನ್ಯೂಯಾರ್ಕಿನ ವೈದ್ಯ ಎಲಿಯಟ್ ವೈಟ್ಸ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಮೊದಲ ಬಾರಿಗೆ ವಿವರಿಸಿದರು. ನಿದ್ರೆ ಬಾರದೆಂದು ಬಂದ 450 ರೋಗಿಗಳಲ್ಲಿ 30 ಮಂದಿಗೆ ನಿಜವಾಗಿ ಇದ್ದದ್ದು ಈ ತೊಂದರೆಯೇ ಎಂದು ಅವರು ಕಂಡುಕೊಂಡರು.

ಕಾರಣ

ಮೆದುಳಿನಲ್ಲಿ ಕಣ್ಣಿನ ನರಗಳು ಕೂಡುವ ಸ್ಥಳದ ಮೇಲ್ಭಾಗದಲ್ಲಿರುವ ಒಂದು ಚಿಕ್ಕ ಜೀವಕೋಶಗಳ ಗುಂಪು ದೇಹದ ಗಡಿಯಾರದಂತೆ ಕೆಲಸ ಮಾಡುತ್ತದೆ. ಮನುಷ್ಯರಲ್ಲಿ ಈ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಸ್ವಲ್ಪ ಹೆಚ್ಚಿರುವುದರಿಂದ ಪ್ರತಿದಿನ ಬೆಳಕು ಬಿದ್ದು ಅದು ಸರಿಹೊಂದದಿದ್ದರೆ ನಿಧಾನವಾಗಿ ತಡವಾಗುತ್ತಾ ಹೋಗುತ್ತದೆ. ಹರೆಯದಲ್ಲಿ ಗಡಿಯಾರವು ಸಹಜವಾಗಿಯೇ ತಡವಾಗತೊಡಗಿ, ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಅತ್ಯಂತ ತಡವಾಗಿದ್ದು, ಅನಂತರ ಮತ್ತೆ ಹಿಂದಕ್ಕೆ ಬರುತ್ತದೆ. ಆನುವಂಶಿಕತೆಯ ಪಾತ್ರವೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೋಶದಿಂದ ತಡವಾಗಿ ಹೊರಬರುವ ಹಣ್ಣಿನ ನೊಣಗಳನ್ನೇ ಪೀಳಿಗೆಯಿಂದ ಪೀಳಿಗೆಗೆ ಆಯ್ದು ಬೆಳೆಸಿದಾಗ, ಅವುಗಳ ದೇಹ ಗಡಿಯಾರದ ಸುತ್ತೇ ಉದ್ದವಾದುದನ್ನು 2007ರಲ್ಲಿ ಪ್ರಕಟಿಸಿದರು. ತಡವಾಗಿ ಏಳುವ ಮಗನನ್ನು ಬೈಯುವ ಪಾಲಕರು ಇದನ್ನು ಗಮನಿಸುವುದು ಒಳ್ಳೆಯದು.

ಬೆಳಕು ಬೀಳುವ ವೇಳೆಯ ಮಹತ್ವ

ಬೆಳಿಗ್ಗೆ ಬೇಗನೆ ಎಬ್ಬಿಸಿ ಬಿಸಿಲಿಗೆ ಕಳುಹಿಸಿದರೆ ಸರಿಹೋಗುತ್ತದೆ ಎಂಬ ಸಲಹೆಯು ಅರ್ಧ ಮಾತ್ರ ಸತ್ಯ. ಬೆಳಕು ಗಡಿಯಾರವನ್ನು ಹಿಂದಕ್ಕೂ ಮುಂದಕ್ಕೂ ಸರಿಸಬಲ್ಲದು. ಯಾವ ಕಡೆಗೆ ಎಂಬುದನ್ನು ನಿರ್ಧರಿಸುವುದು ದೇಹದ ಉಷ್ಣತೆಯು ಅತ್ಯಂತ ಕಡಿಮೆಯಾಗುವ ಕ್ಷಣ. ತಾನಾಗಿಯೇ ಎಚ್ಚರವಾಗುವ ವೇಳೆಗೆ ಸುಮಾರು 2ರಿಂದ 3 ಗಂಟೆ ಮೊದಲು ಈ ಕ್ಷಣ ಬರುತ್ತದೆ. ಅದರ ನಂತರ ಬಿದ್ದ ಬೆಳಕು ನಿದ್ರೆಯನ್ನು ಬೇಗ ತರುತ್ತದೆ. ಅದಕ್ಕಿಂತ ಮೊದಲು ಬಿದ್ದ ಬೆಳಕು ನಿದ್ರೆಯನ್ನು ಇನ್ನಷ್ಟು ತಡಮಾಡುತ್ತದೆ.

ಉದಾಹರಣೆಗೆ, ಹಗರಿಬೊಮ್ಮನಹಳ್ಳಿಯ ಇಪ್ಪತ್ತು ವರ್ಷದ ಒಬ್ಬ ಪದವಿ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಬಹುದು. ರಜೆಯಲ್ಲಿ ಆತನಿಗೆ ರಾತ್ರಿ 3 ಗಂಟೆಗೆ ನಿದ್ರೆ ಬಂದು ಬೆಳಿಗ್ಗೆ 11ಕ್ಕೆ ಎಚ್ಚರವಾಗುತ್ತದೆ. ಆತನ ಉಷ್ಣತೆಯ ಕನಿಷ್ಠ ಕ್ಷಣವು ಬೆಳಿಗ್ಗೆ 8 ಮತ್ತು 9ರ ನಡುವೆ ಇರುತ್ತದೆ. ಆತನನ್ನು 6 ಗಂಟೆಗೆ ಎಬ್ಬಿಸಿ ಮೈದಾನದಲ್ಲಿ ಓಡಿಸಿದರೆ ಊರಿಗೆ ಅದು ಮುಂಜಾವು, ಆತನ ದೇಹಕ್ಕೆ ಇನ್ನೂ ನಡುರಾತ್ರಿ. ಆ ಬೆಳಕು ಸಂಜೆಯ ದೀಪದಂತೆ ವರ್ತಿಸಿ ಗಡಿಯಾರವನ್ನು ಮತ್ತೂ ಮುಂದಕ್ಕೆ ತಳ್ಳುತ್ತದೆ. ವಾರಗಟ್ಟಲೆ ಕಷ್ಟಪಟ್ಟು ಬೇಗ ಎದ್ದರೂ ರಾತ್ರಿ ನಿದ್ರೆ ಬರುವುದಿಲ್ಲ ಎಂಬ ದೂರಿಗೆ ಇದು ಒಂದು ಪ್ರಮುಖ ಕಾರಣ.

ಅನುಸರಿಸಬೇಕಾದ ಕ್ರಮ

ಮೊದಲಿಗೆ ಕನಿಷ್ಠ 7 ದಿನ, ಸಾಧ್ಯವಾದರೆ 14 ದಿನ, ಮಲಗಿದ ವೇಳೆ, ನಿದ್ರೆ ಬಂದಿರಬಹುದಾದ ವೇಳೆ ಮತ್ತು ಎಚ್ಚರವಾದ ವೇಳೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅಲಾರಂ ಇಲ್ಲದೆ ಎದ್ದ ರಜಾ ದಿನಗಳ ವೇಳೆಯೇ ಲೆಕ್ಕಕ್ಕೆ ಆಧಾರ.

ಮೇಲಿನ ಉದಾಹರಣೆಯ ವಿದ್ಯಾರ್ಥಿಯು ಮೊದಲ ಮೂರು ದಿನ 11 ಗಂಟೆಗೇ ಎದ್ದು, ಎದ್ದ ಕೂಡಲೇ 30ರಿಂದ 60 ನಿಮಿಷ ಹೊರಗಿನ ಬೆಳಕಿನಲ್ಲಿರಬೇಕು. ಅನಂತರ ಎರಡು ದಿನಕ್ಕೊಮ್ಮೆ ಏಳುವ ವೇಳೆಯನ್ನು ಅರ್ಧ ಗಂಟೆ ಹಿಂದಕ್ಕೆ ತರಬೇಕು. 11ರಿಂದ 6.30ಕ್ಕೆ ಬರಲು ಒಂಬತ್ತು ಹೆಜ್ಜೆಗಳು, ಅಂದರೆ 18 ದಿನ. ಮೊದಲ ಮೂರು ದಿನ ಸೇರಿ ಒಟ್ಟು ಮೂರು ವಾರ. ಪ್ರತಿ ಹೆಜ್ಜೆಯಲ್ಲೂ ಬೆಳಕಿನ ಅವಧಿಯು ಏಳುವ ವೇಳೆಯೊಂದಿಗೇ ಸರಿಯುತ್ತದೆ. ಮಲಗುವ ವೇಳೆಯನ್ನು ಬಲವಂತವಾಗಿ ನಿಗದಿಪಡಿಸಬಾರದು. ನಿದ್ರೆ ಬಾರದೆ ಹಾಸಿಗೆಯಲ್ಲಿ ಹೊರಳಾಡುವುದರಿಂದ ಪ್ರಯೋಜನವಿಲ್ಲ. ಏಳುವ ವೇಳೆ ಸ್ಥಿರವಾದರೆ ಮಲಗುವ ವೇಳೆ ಕೆಲವು ದಿನ ಹಿಂದುಳಿದು ತಾನಾಗಿಯೇ ಹಿಂಬಾಲಿಸುತ್ತದೆ. ಇಂತಹ ಕ್ರಮವನ್ನು ರಜೆಯಲ್ಲಿ ಆರಂಭಿಸುವುದು ಸೂಕ್ತ.

ಮನೆಯೊಳಗಿನ ಟ್ಯೂಬ್‌ಲೈಟಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಬಯಲಿನ ಬೆಳಕು ನೆರಳಿನಲ್ಲಿಯೂ ಅದರ ಹತ್ತಾರು ಪಟ್ಟು ಇರುತ್ತದೆ. ಆದ್ದರಿಂದ ಏಪ್ರಿಲ್ ಮೇ ತಿಂಗಳ ಬಿರುಬಿಸಿಲಿನಲ್ಲಿ ಬಿಸಿಲಿಗೇ ನಿಲ್ಲಬೇಕಾಗಿಲ್ಲ, ನಿಲ್ಲಲೂ ಬಾರದು. ಬೇವಿನ ಮರದ ನೆರಳು ಅಥವಾ ಆಕಾಶ ಕಾಣುವ ಮನೆಮುಂದಿನ ಕಟ್ಟೆ ಸಾಕು. ಸೂರ್ಯನನ್ನು ನೇರವಾಗಿ ನೋಡತಕ್ಕದ್ದಲ್ಲ. ಹೊರಗೆ ಹೋಗಲಾಗದವರಿಗೆ ವೈದ್ಯರು 10,000 ಲಕ್ಸ್ ಬೆಳಕಿನ ಪೆಟ್ಟಿಗೆಯನ್ನು 30 ನಿಮಿಷ ಬಳಸಲು ಸೂಚಿಸಬಹುದು. ಈ ಭಾಗದಲ್ಲಿ ಅದರ ಅಗತ್ಯ ಬೀಳುವುದು ಅಪರೂಪ.

ಗುರಿಯ ವೇಳೆಯನ್ನು ಆರಿಸುವಾಗ ಸ್ಥಳೀಯ ಸೂರ್ಯೋದಯವನ್ನು ಗಮನಿಸಬೇಕು. ಭಾರತೀಯ ಕಾಲಮಾನವು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ್ದಾಗಿರುವುದರಿಂದ ಹಗರಿಬೊಮ್ಮನಹಳ್ಳಿಯಲ್ಲಿ ಸೂರ್ಯನು ಗಡಿಯಾರಕ್ಕಿಂತ ಸುಮಾರು 25 ನಿಮಿಷ ಹಿಂದಿರುತ್ತಾನೆ. ಜೂನ್ ಆರಂಭದಲ್ಲಿ ಇಲ್ಲಿ 6 ಗಂಟೆಗೆ ಸ್ವಲ್ಪ ಮೊದಲೇ ಸೂರ್ಯೋದಯವಾದರೆ ಜನವರಿ ಕೊನೆಯಲ್ಲಿ 6.50ರ ಸುಮಾರಿಗೆ ಆಗುತ್ತದೆ. ಚಳಿಗಾಲದಲ್ಲಿ 6ಕ್ಕೆ ಎದ್ದವರು ಕತ್ತಲೆಯಲ್ಲಿ ಕುಳಿತಿರುವುದರಿಂದ ಗಡಿಯಾರ ಸರಿಯುವುದಿಲ್ಲ. ಬೆಳಕಾದ ಮೇಲೆ ಹೊರಗೆ ಬರಬೇಕು.

ಕ್ರಮದ ನಡುವೆ ಅನಿವಾರ್ಯವಾಗಿ ಬೇಗ ಹೊರಡಬೇಕಾದವರ ಸಮಸ್ಯೆ ಬೇರೆ. 11ಕ್ಕೆ ತಾನಾಗಿ ಏಳುವ ವಿದ್ಯಾರ್ಥಿಗೆ 7 ಗಂಟೆಯ ಬಸ್ಸು ಹಿಡಿಯಬೇಕಾದರೆ, ಬಸ್ಸಿನಲ್ಲಿ ಕುಳಿತಾಗ ಟೋಪಿ ಮತ್ತು ಕಪ್ಪು ಕನ್ನಡಕ ಧರಿಸಿ 9ರವರೆಗೆ ಬೆಳಕನ್ನು ತಡೆದು, ಬಳಿಕ ಬಯಲಿಗೆ ಬರುವುದು ಉಪಯುಕ್ತ. ನಿದ್ರೆ ಕಡಿಮೆಯಾಗಿರುವ ಇಂತಹ ದಿನಗಳಲ್ಲಿ ದ್ವಿಚಕ್ರ ವಾಹನ ಚಲಾಯಿಸಬಾರದು.

ಸಂಜೆಯ ಬೆಳಕಿಗೂ ಇದೇ ಮಹತ್ವವಿದೆ. ನಿರೀಕ್ಷಿತ ನಿದ್ರೆಗೆ ಎರಡು ಗಂಟೆ ಮೊದಲಿನಿಂದ ದೀಪಗಳನ್ನು ಮಂದಗೊಳಿಸಿ ಮೊಬೈಲನ್ನು ದೂರವಿಡಬೇಕು. ಮಾರ್ಚಿ ತಿಂಗಳ ಪರೀಕ್ಷೆಗಾಗಿ ರಾತ್ರಿ ಓದುವವರಿಗೆ ಇದು ಕಠಿಣವೆನಿಸಬಹುದು. ಆದರೆ ಪರೀಕ್ಷೆ ನಡೆಯುವುದು ಹಗಲಿನಲ್ಲಿ. ಮಧ್ಯಾಹ್ನದ ನಂತರ ಚಹಾ, ಕಾಫಿ ಬೇಡ. ಹಗಲು ಮಲಗಲೇಬೇಕಾದರೆ ಮೂರು ಗಂಟೆಯೊಳಗೆ 20 ನಿಮಿಷ ಸಾಕು.

ತಪ್ಪುವುದು ಎಲ್ಲಿ

ಕ್ರಮ ಸರಿಯಾಗಿ ನಡೆಯುತ್ತಿದ್ದರೆ ರಾತ್ರಿ ತೂಕಡಿಕೆ ಬೇಗ ಬರತೊಡಗುತ್ತದೆ ಮತ್ತು ಕೆಲವು ದಿನ ಅಲಾರಂಗಿಂತ ಮೊದಲೇ ಎಚ್ಚರವಾಗುತ್ತದೆ. ಏಳುವ ವೇಳೆ ಹಿಂದಕ್ಕೆ ಬಂದರೂ ತೂಕಡಿಕೆ ಮಾತ್ರ ಇದ್ದಲ್ಲಿಯೇ ಇದ್ದರೆ ಹೆಜ್ಜೆಗಳು ಅವಸರದವು ಎಂದರ್ಥ. ಆಗ ಮೂರು ನಾಲ್ಕು ದಿನ ಅದೇ ವೇಳೆಯಲ್ಲಿ ನಿಂತು ಮುಂದುವರಿಯಬೇಕು. ತೂಕಡಿಕೆಯು ದಿನೇ ದಿನೇ ಇನ್ನಷ್ಟು ತಡವಾಗುತ್ತಿದ್ದರೆ ಬೆಳಕು ಕನಿಷ್ಠ ಕ್ಷಣಕ್ಕಿಂತ ಮೊದಲೇ ಬೀಳುತ್ತಿರಬಹುದು. ಬೆಳಕಿನ ವೇಳೆಯನ್ನು ಒಂದೆರಡು ಗಂಟೆ ತಡಮಾಡಿ ಪುನಃ ಆರಂಭಿಸಬೇಕು.

ಹೆಚ್ಚಿನವರ ಕ್ರಮ ಮುರಿಯುವುದು ಭಾನುವಾರ. ಒಂದು ದಿನ 11ರವರೆಗೆ ಮಲಗಿದರೆ ಆ ದಿನದ ಬೆಳಗಿನ ಬೆಳಕು ತಪ್ಪುತ್ತದೆ, ರಾತ್ರಿಯ ನಿದ್ರೆಯೂ ತಡವಾಗುತ್ತದೆ. ಗುರಿ ತಲುಪಿದ ಮೇಲೂ ರಜಾ ದಿನದ ವ್ಯತ್ಯಾಸವು ಒಂದು ಗಂಟೆ ಮೀರಬಾರದು. ಮೈಲಾರದ ಅಥವಾ ಕೊಟ್ಟೂರಿನ ಜಾತ್ರೆಯಲ್ಲಿ ರಾತ್ರಿ ಎಚ್ಚರವಿದ್ದವರು ಮರುದಿನ ಎಂದಿನ ವೇಳೆಗೇ ಎದ್ದು, ಮಧ್ಯಾಹ್ನ ಸ್ವಲ್ಪ ಮಲಗಿ ಸರಿದೂಗಿಸಿಕೊಳ್ಳಬಹುದು. ಒಂದು ರಾತ್ರಿ ಪೂರ್ತಿ ಎಚ್ಚರವಿದ್ದು ಮರುದಿನ ಬೇಗ ಮಲಗುವ ರೂಢಿಯ ಉಪಾಯದಿಂದ ಆಯಾಸ ಹೆಚ್ಚುತ್ತದೆಯೇ ಹೊರತು ಗಡಿಯಾರ ಸರಿಯುವುದಿಲ್ಲ. ಸಾಮಾನ್ಯ ನಿದ್ರಾ ಮಾತ್ರೆಗಳೂ ಗಡಿಯಾರವನ್ನು ಸರಿಸುವುದಿಲ್ಲ. ಮೆಲಟೋನಿನ್ ಎಂಬ ಔಷಧಿಯು ಸರಿಯಾದ ವೇಳೆಗೆ, ಅಲ್ಪ ಪ್ರಮಾಣದಲ್ಲಿ ನೀಡಿದಾಗ ಸಹಾಯಕವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಲಗಲು ನಿಗದಿಪಡಿಸಿದ ವೇಳೆಗೆ ಒಂದು ಗಂಟೆ ಮೊದಲು 0.5 ಮಿಲಿಗ್ರಾಂ ನೀಡಲಾಗಿತ್ತು. ಇದನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ವಯಸ್ಕರಲ್ಲಿ ಬೆಳಕೊಂದರಿಂದಲೇ ಗುಣವಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ಇನ್ನೂ ಬಲವಾಗಿಲ್ಲ. ಸ್ಥಿರವಾದ ಏಳುವ ವೇಳೆ ಅದರೊಂದಿಗೆ ಇರಲೇಬೇಕು.

ಹೊಲದ ಪಂಪ್‌ಸೆಟ್‌ಗೆ ರಾತ್ರಿ ಪಾಳಿಯಲ್ಲಿ ವಿದ್ಯುತ್ ಬರುವುದರಿಂದ ನೀರು ಹಾಯಿಸಲು ಎದ್ದಿರುವ ಯುವಕರ ತೊಂದರೆ ಇದಲ್ಲ. ಅವರದು ಪಾಳಿ ಕೆಲಸದಿಂದಾದ ನಿದ್ರಾಭಂಗ, ಅದಕ್ಕೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ.

ವೈದ್ಯರನ್ನು ಕಾಣಬೇಕಾದವರು

ಕಣ್ಣಿನ ಅಕ್ಷಿಪಟಲದ ಕಾಯಿಲೆ ಇರುವವರು, ಬೆಳಕಿಗೆ ಚರ್ಮ ಸೂಕ್ಷ್ಮವಾಗುವ ಔಷಧಿ ಸೇವಿಸುತ್ತಿರುವವರು ಮತ್ತು ತಮ್ಮಲ್ಲಿ ಅಥವಾ ಕುಟುಂಬದಲ್ಲಿ ಉನ್ಮಾದ ಖಿನ್ನತೆಯ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಈ ಕ್ರಮ ಆರಂಭಿಸಬಾರದು. ಕೊನೆಯ ಗುಂಪಿನವರಲ್ಲಿ ಪ್ರಖರ ಬೆಳಕು ಉನ್ಮಾದವನ್ನು ಕೆರಳಿಸಬಹುದು. ಈ ತೊಂದರೆಯೊಂದಿಗೆ ಖಿನ್ನತೆಯೂ ಹೆಚ್ಚಾಗಿ ಕಂಡುಬರುತ್ತದೆ. ಬೇಸರ, ನಿರಾಸಕ್ತಿ ಅಥವಾ ಬದುಕು ಬೇಡವೆಂಬ ಆಲೋಚನೆ ಇದ್ದರೆ ನಿದ್ರೆ ಸರಿಹೋಗಲೆಂದು ಕಾಯದೆ ಕೂಡಲೇ ಸಹಾಯ ಪಡೆಯತಕ್ಕದ್ದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ನಾಗರಿಕರು ಹತ್ತಿರದ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವಿಚಾರಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಜ್ಞರ ಸಲಹೆ ಕೋರಬಹುದು. ಈ ಭಾಗವು ಬಳ್ಳಾರಿ ಜಿಲ್ಲೆಯಲ್ಲಿದ್ದ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಭೇಟಿಯ ವೇಳೆ ನಿದ್ರೆಯ ದಿನಚರಿ ಪುಸ್ತಕವನ್ನೂ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನೂ ತರಬೇಕು. ದೂರವಾಣಿಯ ಮೂಲಕ ಕನ್ನಡದಲ್ಲಿ ಮಾತನಾಡಬಯಸುವವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಬಹುದಾಗಿದೆ.